ಶಾಲೆಯಲ್ಲಿ ಹಲ್ಲಿನ ಆರೋಗ್ಯ: ಬಾಯಿ ತೆರೆಸುವ ಮೊದಲು ಮಾಡಬೇಕಾದದ್ದು

ವರ್ಷಕ್ಕೊಮ್ಮೆ ದಂತವೈದ್ಯರು ಶಾಲೆಗೆ ಬರುತ್ತಾರೆ. ಮಕ್ಕಳು ಸಾಲಾಗಿ ನಿಂತು ಬಾಯಿ ತೆರೆಯುತ್ತಾರೆ, ಪಟ್ಟಿ ತಯಾರಾಗುತ್ತದೆ, ಫೋಟೊ ತೆಗೆದಾಗುತ್ತದೆ. ಮರುವರ್ಷ ನೋಡಿದರೆ ಅದೇ ಮಗುವಿನ ಅದೇ ಹಲ್ಲಿನ ತೂತು ಇನ್ನಷ್ಟು ದೊಡ್ಡದಾಗಿರುತ್ತದೆ.

ಇದು ಬಡ ಶಾಲೆಗಳ ಕಥೆ ಮಾತ್ರವಲ್ಲ. ಇಂಗ್ಲೆಂಡಿನ ವಾಯವ್ಯ ಭಾಗದ ಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ಹಲ್ಲು ತಪಾಸಣೆ ಮಾಡಿ ಮನೆಗೆ ಚೀಟಿ ಕಳಿಸಿದ್ದರಿಂದ ಮಕ್ಕಳ ಹುಳುಕು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ ಎಂದು ಅದು ತೋರಿಸಿತು. ದಂತವೈದ್ಯರು ಸುಲಭವಾಗಿ ಸಿಗುವ ನಾಡಿನಲ್ಲೇ ಹೀಗಾದರೆ, ಆಸ್ಪತ್ರೆ ಗಂಟೆಗಟ್ಟಲೆ ದೂರವಿರುವ ಕಡೆ ಚೀಟಿಯೊಂದರಿಂದ ಏನಾದೀತು?

ಹಾಗೆಂದು ತಪಾಸಣೆ ಬೇಡವೆಂದಲ್ಲ. ಅನುಕ್ರಮ ತಿರುವುಮುರುವಾಗಬೇಕು, ಅಷ್ಟೆ. ಮೊದಲು ದಿನವೂ ಹಲ್ಲುಜ್ಜಿಸುವ ವ್ಯವಸ್ಥೆ, ಆಮೇಲೆ ಚಿಕಿತ್ಸೆ ಸಿಗುವ ಜಾಗ, ಕೊನೆಗೆ ತಪಾಸಣೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. 240 ಮಕ್ಕಳು, ಆರು ತರಗತಿ, ಒಂದೇ ನಲ್ಲಿ. ಹಲ್ಲಿನ ಚಿಕಿತ್ಸೆ ಸಿಗುವ ಆಸ್ಪತ್ರೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಮೊದಲ ಹೆಜ್ಜೆ: ದಿನಕ್ಕೆ ಐದು ನಿಮಿಷ

2006ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಫಿಲಿಪೈನ್ಸಿನ 6 ವರ್ಷದ ಮಕ್ಕಳಲ್ಲಿ ಶೇ 97ರಷ್ಟು ಮಂದಿಗೆ ಹುಳುಕು ಹಲ್ಲು ಕಂಡುಬಂತು. ಅಷ್ಟು ಹಲ್ಲುಗಳನ್ನು ತುಂಬಿಸಲು ಯಾವ ದೇಶದಲ್ಲೂ ದಂತವೈದ್ಯರು ಸಾಲುವುದಿಲ್ಲ. ಹಾಗಾಗಿ ಅಲ್ಲಿ 'ಫಿಟ್ ಫಾರ್ ಸ್ಕೂಲ್' ಎಂಬ ಹೆಸರಿನಲ್ಲಿ ಕೈತೊಳೆಯುವುದು, ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು ಮತ್ತು ಜಂತುಹುಳುವಿನ ಮಾತ್ರೆ, ಈ ಮೂರನ್ನು ಶಾಲೆಯ ದಿನಚರಿಗೆ ಸೇರಿಸಿದರು. ನಡೆಸಿದವರು ಶಿಕ್ಷಕರು. ಹಲ್ಲುಜ್ಜುವುದನ್ನು ಮೇಲ್ವಿಚಾರಣೆ ಮಾಡಲು ದಂತವೈದ್ಯರೇ ಬೇಕಿಲ್ಲ.

ಪೇಸ್ಟಿನ ಟ್ಯೂಬಿನ ಮೇಲೆ ಫ್ಲೋರೈಡ್ ಪ್ರಮಾಣ ಓದಿ. 1000ದಿಂದ 1500 ಪಿಪಿಎಂ ಇರಬೇಕು. ಫ್ಲೋರೈಡ್ ಇಲ್ಲದ ಪುಡಿಯೋ ಪೇಸ್ಟೋ ಹಲ್ಲನ್ನು ಶುಚಿಗೊಳಿಸಬಹುದು, ಆದರೆ ಹುಳುಕು ತಡೆಯುವ ಕೆಲಸ ಮುಖ್ಯವಾಗಿ ಫ್ಲೋರೈಡಿನದು. ಒಂದು ಮಗುವಿಗೆ ಬಟಾಣಿ ಕಾಳಿನಷ್ಟು, ಅಂದರೆ ಸುಮಾರು ಕಾಲು ಗ್ರಾಂ ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನುದ್ದಕ್ಕೂ ಅಲೆಅಲೆಯಾಗಿ ಹಾಕುವುದು ಪೇಸ್ಟ್ ಮಾರುವವರ ಲೆಕ್ಕ, ಮಕ್ಕಳದ್ದಲ್ಲ. ಚಿಕ್ಕ ಮಕ್ಕಳು ಪೇಸ್ಟ್ ನುಂಗುತ್ತಾರೆ. ವರ್ಷಗಟ್ಟಲೆ ಹೆಚ್ಚು ನುಂಗಿದರೆ ಬೆಳೆಯುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಕಲೆ ಮೂಡಬಹುದು. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಪ್ರದೇಶವಾದರೆ ಆರೋಗ್ಯ ಇಲಾಖೆಯನ್ನು ಕೇಳಿಕೊಂಡೇ ಆರಂಭಿಸಿ.

ಒಂದೇ ನಲ್ಲಿ ಇದ್ದರೆ 240 ಮಕ್ಕಳು ಉಜ್ಜುವುದು ಹೇಗೆ ಎಂಬ ಪ್ರಶ್ನೆ ಮೊದಲ ಸಭೆಯಲ್ಲೇ ಏಳುತ್ತದೆ. ಉತ್ತರ ಸರಳ: ಉಜ್ಜಲು ನಲ್ಲಿ ಬೇಕಿಲ್ಲ. ಮಕ್ಕಳು ತರಗತಿಯಲ್ಲೇ ಕೂತು ಎರಡು ನಿಮಿಷ ಉಜ್ಜಿ, ನೊರೆಯನ್ನು ಕಾಗದಕ್ಕೋ ಲೋಟಕ್ಕೋ ಉಗುಳಿದರೆ ಆಯಿತು. ಬಾಯಿ ಮುಕ್ಕಳಿಸಬೇಕಾಗಿಲ್ಲ. ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ. ನೀರು ಬೇಕಾಗುವುದು ಬ್ರಷ್ ತೊಳೆಯಲು ಮಾತ್ರ. ಅದನ್ನು ಒಬ್ಬ ದೊಡ್ಡವರು ಒಂದೊಂದಾಗಿ ತೊಳೆಯಬಹುದು. ಎಲ್ಲ ಬ್ರಷ್ಷನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದುವುದು ಮಾತ್ರ ಕೂಡದು.

ಕಾರ್ಯಕ್ರಮ ಹೆಚ್ಚಾಗಿ ಎಡವುವುದು ಈ ಸಣ್ಣ ಸಂಗತಿಗಳಲ್ಲೇ. ಟ್ಯೂಬಿನ ಬಾಯಿ ಒಂದು ಬ್ರಷ್ಷಿನಿಂದ ಇನ್ನೊಂದಕ್ಕೆ ತಗಲುತ್ತಾ ಹೋದರೆ ಒಬ್ಬರ ಎಂಜಲು ಎಲ್ಲರಿಗೂ ಹರಡುತ್ತದೆ. ಅದಕ್ಕೆ ಒಂದು ತಟ್ಟೆಯ ಮೇಲೆ ಪೇಸ್ಟಿನ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಇಟ್ಟು, ಪ್ರತಿ ಮಗುವೂ ಒಂದು ಚುಕ್ಕಿಯನ್ನು ತನ್ನ ಬ್ರಷ್ಷಿಗೆ ಎತ್ತಿಕೊಳ್ಳಲಿ. ಬ್ರಷ್ಷುಗಳ ತಲೆ ಒಂದಕ್ಕೊಂದು ತಾಗದಂತೆ, ತೂತುಗಳಿರುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ಗಾಳಿಯಾಡುವಂತೆ ನಿಲ್ಲಿಸಿ. ಒದ್ದೆ ಬ್ರಷ್ಷಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಡಿ. ಓದಲು ಬಾರದ ಮಗುವಿಗೂ ಗುರುತು ಸಿಗುವಂತೆ ಹೆಸರಿನ ಜೊತೆ ಒಂದು ಚಿತ್ರವನ್ನೂ ಅಂಟಿಸಿ. ನೆಲಕ್ಕೆ ಬಿದ್ದ ಬ್ರಷ್ಷನ್ನು ತೊಳೆದು ಮತ್ತೆ ಕೊಡಬೇಡಿ, ಹೊಸದು ಕೊಡಿ. ಹೆಚ್ಚುವರಿ ಬ್ರಷ್ಷುಗಳನ್ನು ಮೊದಲೇ ತರಿಸಿಟ್ಟಿದ್ದರೆ ಮಾತ್ರ ಈ ನಿಯಮ ನಡೆಯುತ್ತದೆ.

ಸಮಯ ಟೈಮ್‌ಟೇಬಲ್ಲಿನಲ್ಲೇ ಅಚ್ಚಾಗಿರಲಿ. 'ಬಿಡುವಾದಾಗ' ಎಂದು ಬರೆದರೆ ಪರೀಕ್ಷೆ ಹತ್ತಿರ ಬಂದಾಗ ಮೊದಲು ಕಳೆದುಹೋಗುವ ಐದು ನಿಮಿಷ ಇದೇ.

ಎರಡನೆಯದು: ಆಸ್ಪತ್ರೆಯ ಜೊತೆ ಮಾತು

ಯಾವ ಮಗುವಿನ ಬಾಯನ್ನೂ ನೋಡುವ ಮೊದಲು ಆಸ್ಪತ್ರೆಗೆ ಹೋಗಿ ಮೂರು ವಿಷಯ ಕೇಳಿ. ತಿಂಗಳಿಗೆ ಎಷ್ಟು ಮಕ್ಕಳನ್ನು ನೋಡಬಲ್ಲಿರಿ? ಯಾವ ವಾರ? ಹಲ್ಲು ಕೀಳುವುದಷ್ಟೇ ಆಗುತ್ತದೆಯೋ, ತುಂಬುವುದೂ ಆಗುತ್ತದೆಯೋ? ತಿಂಗಳಿಗೆ ಎಂಟು ಮಕ್ಕಳು ಎಂಬ ಉತ್ತರ ಬಂದರೆ ಅದೇ ನಿಮ್ಮ ಅಳತೆ. ಒಂದೇ ದಿನ ಎಂಬತ್ತು ಚೀಟಿ ಹಂಚುವುದರಲ್ಲಿ ಅರ್ಥವಿಲ್ಲ.

ನೋವಿಲ್ಲದ ಸಣ್ಣ ತೂತುಗಳಿಗೆ ಬಸ್ ಪ್ರಯಾಣ ಬೇಕಾಗಿಯೇ ಇಲ್ಲದಿರಬಹುದು. ಡ್ರಿಲ್ ಇಲ್ಲದೆ ಕೈ ಉಪಕರಣದಿಂದ ಕೊಳೆತ ಭಾಗವನ್ನು ತೆಗೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ವಿಧಾನವಿದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕು ಮುಂದುವರಿಯದಂತೆ ನಿಲ್ಲಿಸುವ ವಿಧಾನವೂ ಇದೆ. ಫ್ಲೋರೈಡ್ ಪೇಸ್ಟಿನ ಜೊತೆಗೆ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ತರಬೇತಾದ ತಂಡ ಶಾಲೆಗೇ ಬಂದು ಇವನ್ನು ಮಾಡಬಹುದು. ಆದರೆ ಈ ದ್ರವ ತಗಲಿದ ಹುಳುಕು ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ತಂದೆ ತಾಯಿಗೆ ಫೋಟೊ ತೋರಿಸಿ ಹೇಳಿ. ಮುಂಭಾಗದ ಹಲ್ಲು ಕಪ್ಪಾದ ಮೇಲೆ ವಿವರಿಸಲು ಹೋದರೆ ಯಾರೂ ಕಿವಿಗೊಡುವುದಿಲ್ಲ. ನೋವು, ಊತ, ಕೀವು ಇರುವ ಹಲ್ಲಿಗೆ ಇದು ಪರಿಹಾರವೂ ಅಲ್ಲ.

ಮೂರನೆಯದು: ಈಗ ಬಾಯಿ ತೆರೆಸಿ

ಒಳ್ಳೆಯ ಬೆಳಕು, ಮಗುವಿಗೊಂದು ಮರದ ಕಡ್ಡಿ, ಪ್ರತಿ ಮಗುವಿಗೂ ಬದಲಿಸುವ ಕೈಗವಸು, ಇಷ್ಟು ಸಾಕು. ಚೂಪಾದ ಸಲಾಕೆಯಿಂದ ಹಲ್ಲು ಕೆದಕುವ ಅಗತ್ಯವಿಲ್ಲ. ರೋಗದ ಹೆಸರು ಹೇಳುವುದು ಇಲ್ಲಿನ ಕೆಲಸವಲ್ಲ, ಯಾರು ಮೊದಲು ಹೋಗಬೇಕೆಂದು ವಿಂಗಡಿಸುವುದು. ಮೂರು ಬಣ್ಣ ಇಟ್ಟುಕೊಳ್ಳಿ. ಕೆಂಪು ಎಂದರೆ ನೋವು, ವಸಡಿನಲ್ಲಿ ಕೀವುಗುಳ್ಳೆ, ಊತ, ಅಥವಾ ಒಳಗಿನ ತಿರುಳು ಕಾಣುವಷ್ಟು ಒಡೆದ ಹಲ್ಲು. ಹಳದಿ ಎಂದರೆ ತೂತು ಇದೆ, ನೋವಿಲ್ಲ. ಹಸಿರು ಎಂದರೆ ಕಣ್ಣಿಗೆ ಕಾಣುವ ತೊಂದರೆಯಿಲ್ಲ. ಮುಖ ಊದಿ ಜ್ವರ ಬಂದಿರುವ, ನುಂಗಲು ಅಥವಾ ಬಾಯಿ ತೆರೆಯಲು ಆಗದ ಮಗುವಿಗೆ ಬಣ್ಣದ ಲೆಕ್ಕವಿಲ್ಲ. ಆ ಮಗುವನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಗುವನ್ನೂ ಕೇಳಿ: 'ಹಲ್ಲು ನೋವಿನಿಂದ ರಾತ್ರಿ ಎಚ್ಚರವಾಗಿತ್ತಾ? ಒಂದೇ ಕಡೆ ಅಗಿಯುತ್ತೀಯಾ?' ಎಷ್ಟೋ ಮಕ್ಕಳು ನೋವಿಗೆ ಒಗ್ಗಿಹೋಗಿರುತ್ತಾರೆ. ಕೇಳದೆ ತಾವಾಗಿ ಹೇಳುವುದಿಲ್ಲ.

ನಮ್ಮ ಕಲ್ಪನೆಯ ಶಾಲೆಯಲ್ಲಿ ಮೊದಲ ದಿನ 221 ಮಕ್ಕಳು ಸಿಕ್ಕರು, 15 ಕೆಂಪು. ಗೈರಾದವರು 19. ಸಾಮಾನ್ಯವಾಗಿ ಇಲ್ಲಿಗೆ ವರದಿ ಮುಗಿಯುತ್ತದೆ. ಆದರೆ ಹಲ್ಲು ನೋವಿನ ಮಗು ಶಾಲೆ ತಪ್ಪಿಸಿಕೊಳ್ಳುವುದೇ ಹೆಚ್ಚು. ಮುಂದಿನ ವಾರ ಆ 19 ಮಕ್ಕಳನ್ನು ಹುಡುಕಿ ನೋಡಿದಾಗ ಇನ್ನೂ 3 ಕೆಂಪು ಸಿಕ್ಕವು. ಬಂದವರಲ್ಲಿ ಹದಿನೈದಕ್ಕೆ ಒಬ್ಬರಿದ್ದರೆ ಬಾರದವರಲ್ಲಿ ಆರಕ್ಕೆ ಒಬ್ಬರು. ಎರಡನೆಯ ದಿನವನ್ನು ಯೋಜನೆಯಲ್ಲೇ ಸೇರಿಸಬೇಕಾದದ್ದು ಇದಕ್ಕಾಗಿ.

ನಾಲ್ಕನೆಯದು: ಚೀಟಿ ಹಿಂದಿರುಗಬೇಕು

ಶಿಫಾರಸು ಚೀಟಿಯಲ್ಲಿ ಎರಡು ಭಾಗ ಮಾಡಿ. ಮೇಲಿನದು ಆಸ್ಪತ್ರೆಗೆ. ಕೆಳಗಿನದನ್ನು ವೈದ್ಯರು ತುಂಬಿ ಮಗುವಿನ ಕೈಯಲ್ಲಿ ವಾಪಸ್ ಕಳಿಸಬೇಕು: ಬಂದ ದಿನಾಂಕ, ಮಾಡಿದ ಚಿಕಿತ್ಸೆ, ಮತ್ತೆ ಯಾವಾಗ. ಶಾಲೆಯ ಪುಸ್ತಕದಲ್ಲಿ 'ಚೀಟಿ ಕೊಟ್ಟಿದೆ' ಎಂಬ ಕಾಲಂ ಪಕ್ಕ 'ಚಿಕಿತ್ಸೆ ಮುಗಿದಿದೆ' ಎಂಬ ಇನ್ನೊಂದು ಕಾಲಂ ಎಳೆಯಿರಿ. ಮೊದಲನೆಯದು ತುಂಬಿ ಎರಡನೆಯದು ಖಾಲಿಯಿರುವುದು ಬಹುಪಾಲು ಕಾರ್ಯಕ್ರಮಗಳ ನಿಜಸ್ಥಿತಿ.

18 ಕೆಂಪು ಮಕ್ಕಳಲ್ಲಿ ಮೊದಲ ತಿಂಗಳು 7 ಚೀಟಿ ಹಿಂದಿರುಗಿದವು ಎಂದಿಟ್ಟುಕೊಳ್ಳಿ. ಉಳಿದ 11 ಮನೆಗಳಿಗೆ ಇನ್ನೊಂದು ಚೀಟಿ ಕಳಿಸುವುದಕ್ಕಿಂತ ಕಾರಣ ಕೇಳುವುದು ಮೇಲು. ಹೆಚ್ಚಾಗಿ ಸಿಗುವ ಉತ್ತರಗಳು ಎರಡು. ಒಂದು ದಿನದ ಕೂಲಿ ಬಿಟ್ಟು ಹೋಗಲಾಗದು. ಇಲ್ಲವೇ, ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಬಿಡಿ. ಮೊದಲನೆಯದಕ್ಕೆ ಬುದ್ಧಿಮಾತಿನಿಂದ ಪ್ರಯೋಜನವಿಲ್ಲ. ಆಸ್ಪತ್ರೆಯವರ ಜೊತೆ ಎರಡು ದಿನ ನಿಗದಿ ಮಾಡಿ, ಎಲ್ಲ ಮನೆಯವರ ಲಿಖಿತ ಒಪ್ಪಿಗೆ ಪಡೆದು, ಒಬ್ಬ ಶಿಕ್ಷಕರು ಮತ್ತು ಒಬ್ಬಿಬ್ಬರು ಪೋಷಕರು ಐದಾರು ಮಕ್ಕಳನ್ನು ಒಟ್ಟಿಗೆ ಕರೆದೊಯ್ದರೆ ಉಳಿದವರ ಕೂಲಿ ಉಳಿಯುತ್ತದೆ. ಎರಡನೆಯದಕ್ಕೆ ಒಂದು ಮಾತು ಹೇಳಬಹುದು: ಹಿಂಭಾಗದ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರುತ್ತವೆ. ಏಳು ವರ್ಷದ ಮಗುವಿಗೆ ಅದು ಬೀಳುವತನಕ ಕಾಯಿರಿ ಎಂದರೆ ಮೂರು ನಾಲ್ಕು ವರ್ಷ ಕೀವಿನೊಂದಿಗೆ ಬದುಕು ಎಂದಂತೆ.

ಗೆದ್ದೆವೋ ಇಲ್ಲವೋ ತಿಳಿಯುವುದು ಹೇಗೆ?

ದಿನನಿತ್ಯದ ಕೆಲಸಕ್ಕೆ ತಕ್ಕಡಿಯೇ ಒಳ್ಳೆಯ ಸಾಕ್ಷಿ. 240 ಮಕ್ಕಳು, ಕಾಲು ಗ್ರಾಂ, ತಿಂಗಳಿಗೆ 20 ಶಾಲಾದಿನ: 1200 ಗ್ರಾಂ ಪೇಸ್ಟ್ ಮುಗಿಯಬೇಕು. ಹಾಜರಿ ಶೇ 90 ಇದ್ದರೆ ಸುಮಾರು 1080. ರಿಜಿಸ್ಟರಿನಲ್ಲಿ ಇಪ್ಪತ್ತೂ ದಿನ ಟಿಕ್ ಬಿದ್ದು ಪೇಸ್ಟ್ ಮಾತ್ರ 500 ಗ್ರಾಂ ಖರ್ಚಾಗಿದ್ದರೆ ಉಜ್ಜಿಸಿದ್ದು ಪೆನ್ನು. 2000 ಗ್ರಾಂ ಖರ್ಚಾಗಿದ್ದರೆ ಯಾರೋ ಬಟಾಣಿಯ ಗಾತ್ರ ಮರೆತಿದ್ದಾರೆ, ಇಲ್ಲವೇ ಟ್ಯೂಬುಗಳು ಬೇರೆಲ್ಲೋ ಹೋಗಿವೆ.

ಹಲ್ಲಿನ ಸ್ಥಿತಿಯನ್ನು ಅಳೆಯುವಾಗ ಮೋಸಹೋಗುವುದು ಸುಲಭ. ಒಂದನೇ ತರಗತಿಯ ಮಕ್ಕಳನ್ನು ಎಣಿಸಿ, ನಾಲ್ಕು ವರ್ಷದ ನಂತರ ಅದೇ ಮಕ್ಕಳನ್ನು ಮತ್ತೆ ಎಣಿಸಿದರೆ ಹುಳುಕು ಹಾಲುಹಲ್ಲುಗಳು ಕಡಿಮೆಯಾಗಿರುತ್ತವೆ, ಕಾರ್ಯಕ್ರಮ ನಡೆಯದ ಶಾಲೆಯಲ್ಲೂ. ಅವು ಬಿದ್ದುಹೋಗಿರುತ್ತವೆ, ಅಷ್ಟೆ. ಶಾಶ್ವತ ಹಲ್ಲುಗಳ ಎಣಿಕೆಯ ತೊಂದರೆ ಇದಕ್ಕೆ ವಿರುದ್ಧ. ಹುಳುಕಾದದ್ದು, ತುಂಬಿಸಿದ್ದು, ಕಿತ್ತದ್ದು ಮೂರನ್ನೂ ಕೂಡಿಸುವುದರಿಂದ ಒಂದೇ ಮಗುವಿನಲ್ಲಿ ಆ ಮೊತ್ತ ಎಂದೂ ಇಳಿಯುವುದಿಲ್ಲ. ಚೆನ್ನಾಗಿ ನಡೆದ ಕಾರ್ಯಕ್ರಮವೂ ಸೋತಂತೆ ಕಾಣುತ್ತದೆ.

ಸರಿಯಾದ ಹೋಲಿಕೆ ವಯಸ್ಸಿಗೆ ವಯಸ್ಸು. ಈ ವರ್ಷದ ಐದನೇ ತರಗತಿಯನ್ನು, ಮೂರು ವರ್ಷದ ನಂತರ ಐದನೇ ತರಗತಿಗೆ ಬರುವ ಬೇರೆ ಮಕ್ಕಳ ಜೊತೆ ಹೋಲಿಸಬೇಕು. ಎರಡು ಪ್ರಶ್ನೆ ಸಾಕು: ಆರನೇ ವರ್ಷದ ಸುಮಾರಿಗೆ ಮೂಡುವ ಮೊದಲ ಶಾಶ್ವತ ದವಡೆ ಹಲ್ಲಿನಲ್ಲಿ ಎಷ್ಟು ಮಂದಿಗೆ ತೂತಿದೆ? ಕೆಂಪು ಗುಂಪಿನಲ್ಲಿ ಎಷ್ಟು ಮಂದಿ? ನೋಡುವವರು ಒಬ್ಬರೇ ಆಗಿರಲಿ. ಹತ್ತರಲ್ಲಿ ಒಂದು ಮಗುವನ್ನು ಮೊದಲ ಚೀಟಿ ನೋಡದೆ ಎರಡನೇ ಸಲ ಪರೀಕ್ಷಿಸಿ, ಅವರ ಕಣ್ಣು ಎರಡು ಸಲವೂ ಒಂದೇ ಹೇಳುತ್ತದೆಯೇ ನೋಡಿ.

ನಮ್ಮ ಶಾಲೆಯ ಐದನೇ ತರಗತಿಯ 40 ಮಕ್ಕಳಲ್ಲಿ ತೂತಿದ್ದವರು 12 ಇದ್ದದ್ದು 9 ಆಯಿತು ಎನ್ನಿ. ಕಾಲುಭಾಗ ಇಳಿಕೆ ಎಂದು ಫಲಕ ಬರೆಸುವ ಮುನ್ನ ತಡೆಯಿರಿ. ಅದು ಮೂರೇ ಮಕ್ಕಳ ವ್ಯತ್ಯಾಸ. ಯಾವ ಬದಲಾವಣೆಯೂ ಇಲ್ಲದೆ ಒಂದು ವರ್ಷದಿಂದ ಇನ್ನೊಂದಕ್ಕೆ ಅಷ್ಟು ಏರಿಳಿಯಬಹುದು. ಹತ್ತಾರು ಶಾಲೆಗಳ ಲೆಕ್ಕ ಕೂಡಿಸಿದಾಗಲೇ ಆ ಸಂಖ್ಯೆ ಮಾತಾಡುತ್ತದೆ. ಒಂದೇ ಶಾಲೆ ಭರವಸೆಯಿಂದ ಬರೆಯಬಹುದಾದದ್ದು ಪೇಸ್ಟಿನ ತೂಕ ಮತ್ತು ಹಿಂದಿರುಗಿದ ಚೀಟಿಗಳ ಸಂಖ್ಯೆ: 18ರಲ್ಲಿ 16. ಊರು ಬಿಟ್ಟುಹೋದ ಒಬ್ಬರನ್ನೂ ಒಪ್ಪದ ಇನ್ನೊಬ್ಬರನ್ನೂ ಆ 18ರಿಂದ ಕಳೆಯದೆ, ಕಾರಣ ಸಮೇತ ಹಾಗೇ ಬರೆದಿಡಿ.