ಬಸ್ಸು ಓಡಿದಷ್ಟೂ ಬೆಳೆದ ಹಾಡು

ಪ್ರವಾಸದ ಬಸ್ಸು ಹತ್ತಿದ ಕೂಡಲೇ ಅಂತ್ಯಾಕ್ಷರಿ ಶುರುವಾಗುತ್ತದೆ. ಹತ್ತು ನಿಮಿಷದಲ್ಲಿ ಅದು ಮೂರು ಜನ ಜೋರುಗಂಟಲಿನ ಮಕ್ಕಳ ಪಾಲಾಗುತ್ತದೆ. ಉಳಿದವರು ಕಿಟಕಿಗೆ ತಲೆ ಆನಿಸಿ ಮಲಗುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿ, ಹೋದ ಡಿಸೆಂಬರಿನ ಪ್ರವಾಸಕ್ಕೆ ನಾನೇ ಒಂದು ಹಾಡು ಕಟ್ಟಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆಗೆ, ಮೂರು ಮತ್ತು ನಾಲ್ಕನೇ ಕ್ಲಾಸಿನ ಮಕ್ಕಳು. ದಾರಿಯಲ್ಲಿ ಒಂದೊಂದು ವಸ್ತು ಕಂಡಾಗ ಒಂದೊಂದು ಸಾಲು ಸೇರಬೇಕು, ಹಳೆಯ ಸಾಲುಗಳೆಲ್ಲ ಅದರ ಹಿಂದೆ ಬರಬೇಕು. ಅಜ್ಜಿ ಕಥೆಯಲ್ಲಿ ಬಾಲ ಉದ್ದವಾಗುತ್ತಾ ಹೋಗುತ್ತದಲ್ಲ, ಹಾಗೆ.

ಪಲ್ಲವಿ ಸುಲಭವಾಗಿ ಬಂತು:

ಹೊರಟಿತು ಹೊರಟಿತು ನಮ್ಮಯ ಬಸ್ಸು
ದಾರಿಲಿ ಸಿಕ್ಕಿದ್ದೇನೇನು?

ಇದಕ್ಕೆ ಉತ್ತರವಾಗಿ ಮೊದಲು ಬರೆದದ್ದು ‘ಗಾಜನೂರಿನ ಅಣೆಕಟ್ಟಿನ ನೀರು’ ಅಂತ. ಚಪ್ಪಾಳೆ ತಟ್ಟಿ ನೋಡಿದೆ, ಕೂರಲಿಲ್ಲ. ಪಲ್ಲವಿಯ ಒಂದು ಸಾಲಿಗೆ ನಾಲ್ಕು ಚಪ್ಪಾಳೆ, ಒಂದು ಚಪ್ಪಾಳೆಗೆ ನಾಲ್ಕು ಮಾತ್ರೆ. ಹೊರಟಿತು, ಹೊರಟಿತು, ನಮ್ಮಯ, ಬಸ್ಸು. ಗಾಜನೂರಿನ ಅನ್ನುವಷ್ಟರಲ್ಲೇ ಎರಡು ಚಪ್ಪಾಳೆ ಮುಗಿದಿರುತ್ತದೆ. ಒಂದೇ ಸಾಲಾದರೆ ಎಳೆದು ಹಾಡಿ ಪಾರಾಗಬಹುದು. ಆದರೆ ಈ ಸಾಲು ಏಳು ಸಲ ಬರುತ್ತದೆ. ಏಳು ಸಲವೂ ಎಡವುತ್ತದೆ. ಹಾಗಾಗಿ ಊರಿನ ಹೆಸರು ಬಿಟ್ಟೆ. ಮೊದಲ ಎರಡು ಚಪ್ಪಾಳೆಗೆ ವಸ್ತು, ಉಳಿದೆರಡಕ್ಕೆ ಅದರ ಸದ್ದು: ‘ಕಟ್ಟೆಯ ನೀರು ಜುಳು ಜುಳು ಜುಳು.’ ಆಮೇಲಿನ ಸಾಲುಗಳೆಲ್ಲ ಇದೇ ಅಚ್ಚಿನಲ್ಲಿ ಬಂದವು. ಸಕ್ರೆಬೈಲಿಗೆ ‘ಬಿಡಾರದಾನೆ ಧಪ್ ಧಪ್ ಧಪ್’, ಮಂಡಗದ್ದೆಗೆ ‘ಬೆಳ್ಳಕ್ಕಿ ಹಿಂಡು ಕರ್ ಕರ್ ಕರ್.’

ಹೊಸ ಸಾಲು ಎಲ್ಲಿ ಸೇರಬೇಕು ಅನ್ನುವುದಕ್ಕೆ ಎರಡು ದಿನ ಯೋಚಿಸಿದೆ. ಕಂಡ ಕ್ರಮದಲ್ಲೇ ಹಾಡಿದರೆ ಹೊಸದು ಕೊನೆಗೆ ಬರುತ್ತದೆ. ಮನೆಯಲ್ಲಿ ಮಗನ ಜೊತೆ ಹಾಡಿ ನೋಡಿದೆ. ಐದನೇ ಸಾಲಿಗೆ ಬರುವಷ್ಟರಲ್ಲಿ ಅವನಿಗೆ ಉಸಿರೂ ಇಲ್ಲ, ನೆನಪೂ ಇಲ್ಲ, ಬರೀ ಮಣಮಣ. ತಿರುವು ಮುರುವು ಮಾಡಿದೆ. ಈಗ ಕಂಡದ್ದು ಪಲ್ಲವಿಯ ಬೆನ್ನಿಗೇ, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ. ಹೀಗೆ ಮಾಡಿದರೆ ಹೊಸ ಸಾಲನ್ನು ಕಿಟಕಿ ನೋಡುತ್ತಲೇ ಹೇಳಬಹುದು. ಎಲ್ಲಕ್ಕಿಂತ ಜಾಸ್ತಿ ಸಲ ಹಾಡಿದ ಹಳೇ ಸಾಲು ಕೊನೆಗೆ ಬರುವುದರಿಂದ ಯಾರೂ ತಪ್ಪುವುದಿಲ್ಲ. ಸುಸ್ತಾದವರೂ ‘ಜುಳು ಜುಳು’ಗೆ ಬಂದು ಸೇರಿಕೊಳ್ಳುತ್ತಾರೆ.

ಬೆಳಿಗ್ಗೆ ಏಳಕ್ಕೆ ಹೊರಟೆವು. ಡ್ರೈವರ್ ಅಣ್ಣನಿಗೆ ಮೊದಲೇ ಹಾಡಿನ ವಿಷಯ ಹೇಳಿದ್ದೆ.

“ಎಷ್ಟು ಬೇಕಾದ್ರೂ ಹಾಡ್ಲಿ ಮೇಡಂ. ಕಾಲು ಮಾತ್ರ ಕುಟ್ಟೋದು ಬೇಡ. ಗಾಡಿಲಿ ಏನಾದ್ರೂ ಸದ್ದು ಬಂದ್ರೆ ನಂಗೆ ಗೊತ್ತಾಗಲ್ಲ.”

ಆನೆಯ ಧಪ್ ಧಪ್‌ಗೆ ನಾನು ಇಟ್ಟುಕೊಂಡಿದ್ದೇ ಕಾಲು ಕುಟ್ಟುವುದು! ಅಲ್ಲೇ ತೊಡೆ ತಟ್ಟುವುದಕ್ಕೆ ಬದಲಾಯಿಸಿದೆ. ಅದೇ ಚೆನ್ನಾಗಿತ್ತು ಅಂತ ಆಮೇಲೆ ಅನ್ನಿಸಿತು. ನಾನು ಮುಂದೆ ನಿಲ್ಲಲಿಲ್ಲ, ಬಸ್ಸಿನ ನಡುವೆ ಕಂಬಿ ಹಿಡಿದು ನಿಂತೆ. ಮುಂದೆ ನಿಂತರೆ ಹಿಂದಿನ ಸೀಟಿನವರು ಯಾವಾಗಲೂ ಅರ್ಧ ಸಾಲು ತಡ.

ಗಾಜನೂರು, ಸಕ್ರೆಬೈಲು ಎರಡೂ ಅಕ್ಕಪಕ್ಕ. ಒಂದು ಸಾಲು ಬಾಯಿಗೆ ಕೂರುವ ಮೊದಲೇ ಇನ್ನೊಂದು ಬಂತು. ಪುಣ್ಯಕ್ಕೆ ಆನೆ ಸ್ನಾನ ನೋಡಲು ಇಳಿದೆವು. ಅಲ್ಲಿ ಹಾಡು ಬೇಡ ಅಂತ ಹೇಳಿದ್ದೆ, ಆನೆ ಹತ್ತಿರ ಗಲಾಟೆ ಸಲ್ಲ. ವಾಪಸ್ ಬಸ್ಸು ಹತ್ತಿದ ಮೇಲೆ ಎರಡು ಸಾಲಿನ ಹಾಡನ್ನು ನಾಲ್ಕು ಸಲ ಹಾಡಿಸಿದೆ. ಮಂಡಗದ್ದೆಗೆ ಇನ್ನೂ ದೂರವಿತ್ತು.

ಮಂಡಗದ್ದೆಯಲ್ಲಿ ನನ್ನ ಮರ್ಯಾದೆ ಹೋಯಿತು. ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಡಿಸೆಂಬರ್ ಅಂದರೆ ಮರಿ ಹಾರಿ, ಹಿಂಡೂ ಹೊರಟುಹೋಗಿರುತ್ತದೆ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು, ಮೇಜಿನ ಮುಂದೆ ಕೂತು ಬರೆಯುವಾಗ ಹೊಳೆಯಲೇ ಇಲ್ಲ. ‘ಬೆಳ್ಳಕ್ಕಿ ಹಿಂಡು’ ಅಂತ ನಾನು ಎತ್ತಿಕೊಂಡೆ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕಿಟಕಿಯಿಂದ ಮುಖ ತಿರುಗಿಸಿ, “ಎಲ್ಲಿ ಮಿಸ್? ಖಾಲಿ!” ಅಂದಳು. ಅಂಗೈ ಎರಡನ್ನೂ ಮೇಲೆ ಮಾಡಿ ತೋರಿಸಿದಳು. ಅದೇ ಸಾಲಾಯಿತು: ‘ಕೊಂಬೆಯ ಗೂಡು ಖಾಲಿ ಖಾಲಿ.’

ನನ್ನ ಸಾಲಿಗಿಂತ ಇದು ಎಷ್ಟೋ ವಾಸಿ. ‘ಖಾಲಿ’ಗೆ ಮೂರೇ ಮಾತ್ರೆ, ಹಾಗಾಗಿ ಚಪ್ಪಾಳೆಗೆ ಕೂರಿಸಲು ‘ಖಾ’ವನ್ನು ಎಳೆಯಲೇಬೇಕು. ಇಂಥ ಹಾಡಿನಲ್ಲಿ ಮಕ್ಕಳು ಸುತ್ತು ಸುತ್ತಿಗೂ ವೇಗ ಏರಿಸುತ್ತಾರೆ. ಕೊನೆಗೆ ಮಾತು ಹೋಗಿ ಬರೀ ಕಿರುಚಾಟ ಉಳಿಯುತ್ತದೆ. ಈ ಸಾಲು ಬಂದಾಗ ಮಾತ್ರ ಎಲ್ಲರೂ ತಾವಾಗಿಯೇ ದನಿ ಇಳಿಸಿ, ಕೈ ಬಿಚ್ಚಿ, ಎಳೆದರು. ನನಗೊಂದು ಬ್ರೇಕ್ ಸಿಕ್ಕಿತು. ಎಳೆತ ಕಮ್ಮಿಯಾದರೆ ಹಾಡು ಓಡುತ್ತಿದೆ ಅಂತ ಅರ್ಥ. ಆಗ ಅಲ್ಲಿಗೇ ನಿಲ್ಲಿಸಿ, ಪಲ್ಲವಿಯಿಂದ ನಿಧಾನವಾಗಿ ಎತ್ತಿಕೊಳ್ಳುತ್ತಿದ್ದೆ.

ಮುಂದೆ ತೋಟದ ಮನೆಯೊಂದರ ಅಂಗಳದಲ್ಲಿ ಹೊಗೆ ಏಳುತ್ತಿತ್ತು. ಸುಗ್ಗಿ ಕಾಲ ಅಲ್ವಾ, ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ‘ಕೊತ ಕೊತ’ ಅಂತ ಸದ್ದು ಕೊಟ್ಟದ್ದೂ ಮಕ್ಕಳೇ. ತೀರ್ಥಹಳ್ಳಿಯಲ್ಲಿ ಊಟ, ಅದಕ್ಕೆ ‘ಬುತ್ತಿಯ ಕಡುಬು ಗುಳುಂ ಗುಳುಂ.’

ತೀರ್ಥಹಳ್ಳಿ ದಾಟಿದ ಮೇಲೆ ಹಾಡು ಕೆಟ್ಟಿತು. ತಿರುವುಗಳಿಗೆ ಮನೆಯಲ್ಲೇ ಬರೆದಿಟ್ಟಿದ್ದ ಸಾಲು ‘ತಿರುವಿನ ರಸ್ತೆ ವಾಲಿ ವಾಲಿ.’ ಹಾಡಿದ್ದೇ ತಡ, ಅರ್ಧ ಬಸ್ಸು ‘ವಾಲಿ ವಾಲಿ’ಯಿಂದ ನೇರ ಆನೆಗೆ ಹಾರಿತು. ಕಡುಬು, ಅಡಿಕೆ, ಗೂಡು ಮೂರೂ ಮಾಯ. ಇನ್ನೊಮ್ಮೆ ಹಾಡಿಸಿದರೂ ಅಲ್ಲೇ ಹಾರಿದರು. ಕಾರಣ ಪ್ರಾಸ. ‘ವಾಲಿ ವಾಲಿ’ ಅಂದ ಬಾಯಿಗೆ ‘ಖಾಲಿ ಖಾಲಿ’ ಮುಗಿದ ಹಾಗೆ ಅನ್ನಿಸಿ, ಅದರ ಮುಂದಿನ ಸಾಲು ತಾನಾಗೇ ಬಂದುಬಿಡುತ್ತದೆ. ಬೇರೆ ಮಕ್ಕಳ ಪದ್ಯಕ್ಕೆ ಪ್ರಾಸ ಎಷ್ಟಿದ್ದರೂ ಚೆಂದ. ಇಲ್ಲಿ ಎರಡು ಸಾಲಿನ ಬಾಲ ಒಂದೇ ಥರ ಇರಬಾರದು. ‘ಅತ್ತ ಇತ್ತ’ ಅಂತ ಬದಲಾಯಿಸಿದೆ, ಹಾರುವುದು ನಿಂತಿತು.

ಅದಕ್ಕೆ ಮೈ ವಾಲಿಸಬೇಕು ಅಂತ ಹೇಳಿದ್ದು ನನ್ನ ಇನ್ನೊಂದು ದಡ್ಡತನ. ಹೊಟ್ಟೆ ತುಂಬ ಕಡುಬು, ಬಸ್ಸೂ ವಾಲುತ್ತಿದೆ. ಮೂರನೇ ಸೀಟಿನ ಹುಡುಗ ಹಾಡು ನಿಲ್ಲಿಸಿ ಸುಮ್ನೆ ಬೆವರತೊಡಗಿದ. ಡ್ರೈವರ್ ಅಣ್ಣ ನಿಲ್ಲಿಸುವಷ್ಟರಲ್ಲಿ ವಾಂತಿ ಆಗಿಹೋಯಿತು. ಆಮೇಲೆ ಅಂಗೈ ಮಾತ್ರ ವಾಲಿತು. ನಿಜ ಹೇಳಬೇಕೆಂದರೆ ತಿರುವಿನಲ್ಲಿ ಹಾಡಿಸಲೇಬಾರದು, ತಲೆ ಎತ್ತಿ ದೂರ ನೋಡುತ್ತಾ ಕೂರಲು ಬಿಡಬೇಕು.

ಆಗುಂಬೆಯಲ್ಲಿ ಅವತ್ತು ಮೋಡ ಇರಲಿಲ್ಲ. ಸೂರ್ಯ ಮುಳುಗಿದ್ದನ್ನು ನೋಡಿ ಬಸ್ಸು ಹತ್ತಿದ ಮೇಲೆ ಪೂರ್ತಿ ಹಾಡಿದೆವು:

ಹೊರಟಿತು ಹೊರಟಿತು ನಮ್ಮಯ ಬಸ್ಸು
ದಾರಿಲಿ ಸಿಕ್ಕಿದ್ದೇನೇನು?
ಮುಳುಗುವ ಸೂರ್ಯ ಟಾಟಾ ಟಾಟಾ
ತಿರುವಿನ ರಸ್ತೆ ಅತ್ತ ಇತ್ತ
ಬುತ್ತಿಯ ಕಡುಬು ಗುಳುಂ ಗುಳುಂ
ಹಂಡೆಯ ಅಡಿಕೆ ಕೊತ ಕೊತ ಕೊತ
ಕೊಂಬೆಯ ಗೂಡು ಖಾಲಿ ಖಾಲಿ
ಬಿಡಾರದಾನೆ ಧಪ್ ಧಪ್ ಧಪ್
ಕಟ್ಟೆಯ ನೀರು ಜುಳು ಜುಳು ಜುಳು

ಏಳು ಸಾಲು ಈ ವಯಸ್ಸಿಗೆ ಸಾಕು. ಎಂಟನೆಯದು ಅಂತ ಮಂಗನನ್ನು ಸೇರಿಸಲು ಹೋದೆವು, ನಡುವೆ ದಾರಿ ತಪ್ಪಿ ಬಿಟ್ಟುಬಿಟ್ಟೆವು.

ಬಸ್ಸು ತಿರುಗಿದ ಮೇಲೆ ಗೂಡು ಖಾಲಿ ಅಂದಿದ್ದ ಅದೇ ಹುಡುಗಿ, “ಮಿಸ್, ಈಗ ಹಾಡು ಸೀದಾ ಆಯ್ತು” ಅಂದಳು. ಹೌದಲ್ಲ! ತಿರುವು ಮುರುವಾಗಿ ಹಾಡಿದ್ದೇ ವಾಪಸ್ ಹೋಗುವ ದಾರಿಯ ಕ್ರಮ. ದಾಟಿದ್ದನ್ನು ಒಂದೊಂದಾಗಿ ಬಿಡುತ್ತಾ ಬಂದೆವು. ಮೊದಲು ಸೂರ್ಯ ಹೋದ, ಆಮೇಲೆ ತಿರುವು. ಮಂಡಗದ್ದೆಗೆ ಬರುವಾಗ ಕತ್ತಲಾಗಿತ್ತು, ಗೂಡೂ ಕಾಣಲಿಲ್ಲ, ಮಕ್ಕಳೂ ಒಬ್ಬೊಬ್ಬರಾಗಿ ಒರಗಿದ್ದರು. ಸಕ್ರೆಬೈಲು ದಾಟಿದಾಗ ಎಚ್ಚರ ಇದ್ದವರು ಐದಾರು ಜನ. ಗಾಜನೂರಿನಲ್ಲಿ ಡ್ರೈವರ್ ಅಣ್ಣ ಮೆಲ್ಲಗೆ, ತಮ್ಮಷ್ಟಕ್ಕೇ, “ಜುಳು ಜುಳು ಜುಳು” ಅಂದರು.