ಖಗ್ರಾಸ ಗ್ರಹಣವನ್ನು ತಕ್ಕಡಿಯಲ್ಲಿ ತೂಗಿದ್ದು: ನನ್ನ ಅನುಭವ

ಒಂದೇ ಊರಿಗೆ ಖಗ್ರಾಸ ಸೂರ್ಯಗ್ರಹಣ ಮರಳಿ ಬರಲು ಸರಾಸರಿ ಸುಮಾರು 375 ವರ್ಷ ಬೇಕು ಅಂತ ಬೆಲ್ಜಿಯಂನ ಜ್ಯಾಂ ಮೀಯಸ್ ಲೆಕ್ಕ ಹಾಕಿದ್ದು ನಮ್ಮ ಖಗೋಳ ಹವ್ಯಾಸಿಗಳಿಗೆಲ್ಲ ಬಾಯಿಪಾಠ. ಜಗತ್ತಿಗೆ ಒಟ್ಟಾರೆ ನೋಡಿದರೆ ಹೆಚ್ಚುಕಡಿಮೆ ಹದಿನೆಂಟು ತಿಂಗಳಿಗೊಂದು ಇದ್ದೇ ಇರುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಕಂಪ್ಯೂಟರ್ ಇಲ್ಲದೆ, ಕಾಗದ ಕತ್ತರಿಸಿ ತೂಗಿಯೇ ತೋರಿಸುತ್ತೇನೆ ಅಂದಾಗ ಗುಂಪಿನಲ್ಲಿ ಯಾರೂ ನಂಬಲಿಲ್ಲ. ಈಗ ನಂಬಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

2001ರಿಂದ 2020ರವರೆಗಿನ ಇಪ್ಪತ್ತು ವರ್ಷ ಆರಿಸಿಕೊಂಡೆ. ಅದರಲ್ಲಿ ಖಗ್ರಾಸ 13. ಒಂದೊಂದೂ ಕಾಣುವುದು ಚಂದ್ರನ ನೆರಳು ಹಾದುಹೋಗುವ ಸಪೂರ ನೆಲದ ಪಟ್ಟಿಯಲ್ಲಿ ಮಾತ್ರ. ದಾರಿಯ ಒಂದಿಷ್ಟು ಕಡೆ ಖಗ್ರಾಸ, ಉಳಿದ ಕಡೆ ಕಂಕಣವಾಗಿ ಕಾಣುವ ಮಿಶ್ರ ಗ್ರಹಣ ಎರಡಿದ್ದವು, ಅವುಗಳ ಪಟ್ಟಿ ದಾರದೆಳೆಯಷ್ಟು ಸಪೂರ, ಬಿಟ್ಟುಬಿಟ್ಟೆ. ನಾಸಾದ ಕೋಷ್ಟಕಗಳಲ್ಲಿ ಪ್ರತಿ ಪಟ್ಟಿಯ ಉತ್ತರ, ದಕ್ಷಿಣ ಅಂಚುಗಳ ಅಕ್ಷಾಂಶ-ರೇಖಾಂಶ ಸಿಗುತ್ತವೆ. ಅವನ್ನು ಭೂಪಟದ ಮೇಲೆ ಗುರುತು ಹಾಕಿ, ಪಟ್ಟಿ ಕತ್ತರಿಸಿ, ಪಟ್ಟಿಗಳ ತೂಕವನ್ನು ಇಡೀ ಭೂಪಟದ ತೂಕಕ್ಕೆ ಹೋಲಿಸುವುದು, ಇಷ್ಟೇ ಕೆಲಸ.

ನಮ್ಮಲ್ಲೇ ಒಬ್ಬರು ಹಿಂದೆ ಮರ್ಕೇಟರ್ ಭೂಪಟದಲ್ಲಿ ಇದನ್ನು ಮಾಡಲು ಹೋಗಿ ಕೈಬಿಟ್ಟಿದ್ದರು. 2015ರ ಪಟ್ಟಿ ಸ್ವಾಲ್ಬಾರ್ಡ್ ದಾಟಿ ಉತ್ತರ ಧ್ರುವದ ಹತ್ತಿರ ಮುಗಿಯುತ್ತದೆ. ಸ್ವಾಲ್ಬಾರ್ಡಿನ ಬಳಿ ಮರ್ಕೇಟರ್ ವಿಸ್ತೀರ್ಣವನ್ನು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಉಬ್ಬಿಸುತ್ತದೆ. ಆ ಒಂದು ಪಟ್ಟಿಯೇ ಉಳಿದದ್ದನ್ನೆಲ್ಲ ನುಂಗಿಹಾಕುತ್ತದೆ. ಮಾಲ್ವೈಡ್ ಭೂಪಟದಲ್ಲಿ ಆಕಾರ ಸೊಟ್ಟಗಾದರೂ ವಿಸ್ತೀರ್ಣ ಕೆಡುವುದಿಲ್ಲ. ನಮಗೆ ಬೇಕಾದ್ದು ಅದೇ.

ದುಡ್ಡು ಕೈಬಿಟ್ಟದ್ದು ಕಾಗದಕ್ಕೆ. ಮೊದಲು ಮಾಮೂಲಿ 80 ಜಿಎಸ್‌ಎಂ ಹಾಳೆ ತಂದೆ. ಮಳೆಗಾಲ ಬೇರೆ, ಬೆಳಿಗ್ಗೆ ತೂಗಿದ್ದು ಸಂಜೆಗೆ ಹೆಚ್ಚು ತೂಗುತ್ತಿತ್ತು. ಹಾಳೆ ತೇವ ಕುಡಿಯುತ್ತದೆ. ಅಂಚೂ ಎಳೆಎಳೆಯಾಗಿ ಏಳುತ್ತಿತ್ತು. ಆಮೇಲೆ 300 ಜಿಎಸ್‌ಎಂ ಕಾರ್ಡಿನಲ್ಲಿ ಎ1 ಅಳತೆಗೆ ಪ್ರಿಂಟ್ ಹಾಕಿಸಿದೆ, ಒಂದೊಂದಕ್ಕೆ ನೂರೈವತ್ತರ ಆಸುಪಾಸು. ಅಕ್ಕಸಾಲಿಗರ ಪುಟ್ಟ ಡಿಜಿಟಲ್ ತಕ್ಕಡಿಗೆ ಸಾವಿರದ ಮೇಲೆ ಹೋಯಿತು. ಪಟ್ಟಿ ಮತ್ತು ಪೂರ್ತಿ ಭೂಪಟ ಎರಡನ್ನೂ ಒಂದೇ ಹೊತ್ತಿನಲ್ಲಿ ತೂಗಿದರೆ ತೇವದ ಕಾಟ ಇಲ್ಲ.

ಎಂಬತ್ತು ಸೆಂಟಿಮೀಟರ್ ಅಗಲದ ಭೂಪಟದಲ್ಲಿ 2017ರ ಅಮೆರಿಕದ ಪಟ್ಟಿ ಎರಡೂವರೆ ಮಿಲಿಮೀಟರ್ ಅಷ್ಟೇ. ಕತ್ತಿ ಕೂದಲಿನಷ್ಟು ಜಾರಿದರೂ ಲೆಕ್ಕ ತಪ್ಪುತ್ತದೆ. ಅಷ್ಟು ಸಪೂರ ಪಟ್ಟಿಯನ್ನು ಹರಿಯದಂತೆ ಬಿಡಿಸಲು ಒಂದು ಉಪಾಯ ಕಂಡುಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪಟ್ಟಿಗಳು ಒಂದನ್ನೊಂದು ಅಡ್ಡ ಹಾಯುವ ಕಡೆ ಎರಡು ಬೇರೆ ಹಾಳೆ ಬಳಸಬೇಕು. 2006ರದ್ದೂ 2008ರದ್ದೂ ಸೈಬೀರಿಯಾದ ಆಲ್ತಾಯ್ ಸೀಮೆಯಲ್ಲಿ ಹೀಗೆ ಹಾಯುತ್ತವೆ. ಅಲ್ಲಿಯವರಿಗೆ ಎರಡೂವರೆ ವರ್ಷದೊಳಗೆ ಎರಡು ಖಗ್ರಾಸ! 375 ಅನ್ನುವುದು ಸರಾಸರಿ ಮಾತ್ರ, ಪಾಳಿ ಅಲ್ಲ ಅನ್ನುವುದು ಕತ್ತರಿಸುವಾಗ ಕಣ್ಣಿಗೇ ಕಾಣುತ್ತದೆ.

ಪೂರ್ತಿ ಭೂಪಟ 75 ಗ್ರಾಂ ಹತ್ತಿರ ತೂಗಿತು. ಹದಿಮೂರು ಪಟ್ಟಿ ಸೇರಿ ನಾಲ್ಕು ಗ್ರಾಂಗೆ ತುಸು ಕಡಿಮೆ, ಅಂದರೆ ಶೇಕಡಾ ಐದಕ್ಕಿಂತ ಸ್ವಲ್ಪ ಹೆಚ್ಚು. ಇಪ್ಪತ್ತು ವರ್ಷಕ್ಕೆ ಭೂಮಿಯ ಇಷ್ಟು ಪಾಲು ಮುಚ್ಚಿದರೆ, ಒಟ್ಟು ಭೂಮಿಯಷ್ಟು ವಿಸ್ತೀರ್ಣ ತುಂಬಲು 380 ವರ್ಷದ ಸುಮಾರು. ಮೀಯಸ್ ಅಂಕಿಗೆ ಇಷ್ಟು ಹತ್ತಿರ ಬಂದದ್ದು ಕಂಡು, ಆಗುವುದಿಲ್ಲ ಅಂದವರೇ ತಕ್ಕಡಿ ಕೇಳಿಕೊಂಡು ಬಂದರು.

ಪಟ್ಟಿ ಯಾಕಿಷ್ಟು ಸಪೂರ? ಚಂದ್ರನ ದಟ್ಟ ನೆರಳಿನ ಶಂಕು ಹೆಚ್ಚೆಂದರೆ 3,80,000 ಕಿ.ಮೀ. ಉದ್ದ, ಚಂದ್ರ ಇರುವುದೇ ಸರಾಸರಿ 3,84,000 ಕಿ.ಮೀ. ದೂರದಲ್ಲಿ. ಚಂದ್ರ ಹತ್ತಿರ ಬಂದಾಗ ಮಾತ್ರ ಶಂಕುವಿನ ತುದಿಭಾಗ ನೆಲ ಮುಟ್ಟುತ್ತದೆ. ನೇರ ಬಿದ್ದರೆ 270 ಕಿ.ಮೀ. ಆಸುಪಾಸೇ ಮಿತಿ. 2003ರಲ್ಲಿ ಅಂಟಾರ್ಕ್ಟಿಕಾದ ಮೇಲೆ ತೀರಾ ಓರೆಯಾಗಿ ಬಿದ್ದದ್ದರಿಂದ ಐನೂರರ ಹತ್ತಿರ ಹೋಗಿತ್ತು, ಆದರೆ ಆ ಪಟ್ಟಿಯ ಉದ್ದ ಬಹಳ ಕಡಿಮೆ. 1980ರ ಫೆಬ್ರವರಿ 16ರದ್ದನ್ನೂ ಕುತೂಹಲಕ್ಕೆ ಕತ್ತರಿಸಿದೆ. ಅಂಕೋಲಾ, ಹುಬ್ಬಳ್ಳಿ, ರಾಯಚೂರು ಒಳಗೆ ಬರುತ್ತವೆ, ಬೆಂಗಳೂರು ಪೂರ್ತಿ ಹೊರಗೆ. ಅಲ್ಲಿ ಕಂಡದ್ದು ಪಾರ್ಶ್ವ ಗ್ರಹಣ.

ಕಂಕಣ ಗ್ರಹಣಗಳನ್ನೂ ಹೀಗೇ ತೂಗಿದೆ. ಮಂಗಳೂರಿಗೆ ಸಿಕ್ಕ 2019ರ ಡಿಸೆಂಬರಿನದೂ ಅದರಲ್ಲಿದೆ. ತೂಕ ಖಗ್ರಾಸದ್ದಕ್ಕಿಂತ ಒಂದೂವರೆ ಪಟ್ಟನ್ನೂ ಮೀರಿ ಬಂತು, ಅಂದರೆ ಒಂದು ಊರಿಗೆ ಇನ್ನೂರಿಪ್ಪತ್ತು-ಮೂವತ್ತು ವರ್ಷಕ್ಕೊಂದು. ಈಗ ಭೂಪಟವನ್ನು ಸಮಭಾಜಕದಲ್ಲಿ ಎರಡು ಹೋಳು ಮಾಡಿದ್ದೇನೆ. ಜುಲೈ ಹೊತ್ತಿಗೆ ಸೂರ್ಯ ದೂರವಿದ್ದು ಚಿಕ್ಕದಾಗಿ ಕಾಣುತ್ತಾನೆ, ಚಂದ್ರ ಅವನನ್ನು ಪೂರ್ತಿ ಮುಚ್ಚುವುದು ಸುಲಭ, ಆಗ ಹಗಲು ಉದ್ದ ಇರುವುದು ಉತ್ತರಾರ್ಧಕ್ಕೆ. ಹಾಗಾಗಿ ಖಗ್ರಾಸದ ಪಾಲು ಅಲ್ಲಿ ಹೆಚ್ಚಿರಬೇಕು. ಆದರೆ ಆ ವ್ಯತ್ಯಾಸ ಹಿಡಿಯಲು ಇಪ್ಪತ್ತು ವರ್ಷದ ಪಟ್ಟಿಗಳು ಸಾಲವು, ನೂರು ವರ್ಷದ್ದಾದರೂ ಕತ್ತರಿಸಬೇಕು. 1901ರಿಂದ ಶುರು ಮಾಡಿದ್ದೇನೆ.