ಬ್ರಷ್ ಹಿಡಿಯಲಾಗದ ಕೈಗೆ ಯಾವ ಬ್ರಷ್?

ನನಗೆ ಸಂಧಿವಾತ ಶುರುವಾಗಿ ಆರು ವರ್ಷ. ಬೆಳಿಗ್ಗೆ ಎದ್ದಾಗ ಬೆರಳು ಮಡಚುವುದೇ ಇಲ್ಲ, ಸಡಿಲ ಆಗಲು ಒಂದು ತಾಸು ಬೇಕು. ಹಲ್ಲುಜ್ಜುವುದೂ ಒಂದು ಕೆಲಸ ಅನ್ನಿಸಿದ್ದು ಆಗಲೇ. ಬ್ರಷ್‌ನ ತೆಳು ಹಿಡಿಕೆ ಜಾರದಂತೆ ಹಿಡಿಯಲು ಬೆರಳನ್ನು ಬಿಗಿಯಾಗಿ ಒತ್ತಬೇಕು. ನೋವು ಅಲ್ಲೇ. ಹಾಗಾಗಿ ಮುಂದಿನ ಹಲ್ಲು ಉಜ್ಜಿ ಮುಗಿಸುತ್ತಿದ್ದೆ. ಕೆಳಗಿನ ಹಲ್ಲುಗಳ ಒಳಬದಿ ನಾಲಿಗೆಗೆ ಒರಟಾಗಿ ತಾಗುತ್ತಿತ್ತು, ಒಸಡಿನಲ್ಲಿ ರಕ್ತ ಬೇರೆ.

ಮಗ ಎಲೆಕ್ಟ್ರಿಕ್ ಬ್ರಷ್ ತಂದ. ಹಿಡಿಕೆ ದಪ್ಪ, ಮುಷ್ಟಿಯಲ್ಲಿ ಸುಮ್ನೆ ಕೂರುತ್ತದೆ. ಆದರೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 120 ಗ್ರಾಂ! ಹಳೇ ಬ್ರಷ್ 16. ಎತ್ತಿ ಹಿಡಿದು ಒಂದು ನಿಮಿಷ ಆಗುವಷ್ಟರಲ್ಲಿ ಮಣಿಕಟ್ಟು ಸೋತಿತು. ಬಟನ್ನೂ ಗಟ್ಟಿ, ಬೆರಳ ತುದಿಯಿಂದ ಒತ್ತಲು ಆಗಲಿಲ್ಲ. ಎತ್ತಿ ಮೂಲೆಗಿಟ್ಟೆ.

ಅಷ್ಟರಲ್ಲಿ ಬೇಸಿಗೆ ಬಂತು. ಕಲಬುರಗಿಯ ಬೇಸಿಗೆ ಗೊತ್ತಲ್ವಾ, ಎಸಿ ಕೆಟ್ಟಿತು. ರಿಪೇರಿಗೆ ಬಂದ ಹುಡುಗ ತಾಮ್ರದ ಪೈಪಿಗೆ ಕಪ್ಪು ಫೋಮ್ ಕೊಳವೆ ತೊಡಿಸುತ್ತಿದ್ದ. ನನಗೊಂದು ತುಂಡು ಕೊಡಪ್ಪಾ ಅಂದೆ.

"ಎಷ್ಟು ಫೂಟ್ ಬೇಕ್ರೀ ಅಕ್ಕಾರ?"

"ಒಂದು ಗೇಣು ಸಾಕು."

ಕಾಲು ಇಂಚು ಪೈಪಿನ ಕೊಳವೆ ಅದು. ಒಳಗೆ ಸ್ವಲ್ಪ ಸೋಪು ನೀರು ಹಚ್ಚಿ ಹಳೇ ಬ್ರಷ್‌ನ ಹಿಡಿಕೆಗೆ ತಳ್ಳಿದೆವು. ಹಿಡಿಕೆ ಹೆಚ್ಚೂ ಕಡಿಮೆ ಒಂದು ಇಂಚು ದಪ್ಪ ಆಯಿತು, ಭಾರ ಮಾತ್ರ ಹೆಚ್ಚಲಿಲ್ಲ. ಬೆರಳು ಪೂರ್ತಿ ಮಡಚದಿದ್ದರೂ ಈಗ ಬ್ರಷ್ ಜಾರುವುದಿಲ್ಲ. ಒಂದೇ ತೊಂದರೆ, ಫೋಮ್ ಒಳಗೆ ನೀರು ನಿಂತು ವಾಸನೆ ಬರುತ್ತದೆ. ವಾರಕ್ಕೊಮ್ಮೆ ಸೊಸೆ ಅದನ್ನು ಬಿಚ್ಚಿ ತೊಳೆದು ಒಣಗಿಸುತ್ತಾಳೆ.

ಆದರೂ ಹಲ್ಲಿನ ಒಳಬದಿಯ ಒರಟು ಹೋಗಲಿಲ್ಲ. ಹಿಡಿಯುವುದು ಸುಲಭವಾಯಿತು, ಆದರೆ ಹಿಂದೆ ಮುಂದೆ ಆಡಿಸುವುದು ಮಣಿಕಟ್ಟಿನ ಕೆಲಸ ತಾನೇ? ಮತ್ತೆ ಎಲೆಕ್ಟ್ರಿಕ್ ತೆಗೆದೆ. ಈ ಸಲ ಕುರ್ಚಿ ಮೇಲೆ ಕೂತು, ಮೊಣಕೈ ಟೇಬಲ್ ಮೇಲೆ ಊರಿದೆ. ಭಾರವೆಲ್ಲ ಟೇಬಲ್‌ಗೆ. ಬಟನ್ ಅನ್ನು ಬೆರಳ ಗೆಣ್ಣಿನಿಂದ ಒತ್ತಿದೆ, ಅದೂ ಬ್ರಷ್ ಬಾಯಿಗೆ ಇಟ್ಟ ಮೇಲೆ. ಮೊದಲೇ ಒತ್ತಿದರೆ ಪೇಸ್ಟ್ ಎಲ್ಲ ಸೀರೆ ಮೇಲೆ! ಉಜ್ಜಲು ಹೋಗಬಾರದು. ಒಂದೊಂದು ಹಲ್ಲಿನ ಮೇಲೆ ಸ್ವಲ್ಪ ಹೊತ್ತು ತಾಗಿಸಿ ಹಿಡಿದರೆ ಸಾಕು, ಆಡುವ ಕೆಲಸ ಅದೇ ಮಾಡುತ್ತದೆ. ಎರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಮೂರು ವಾರದಲ್ಲಿ ರಕ್ತ ನಿಂತಿತು.

ಈಗ ರಾತ್ರಿ ಕೈ ಸಡಿಲ ಇದ್ದಾಗ ಎಲೆಕ್ಟ್ರಿಕ್, ಬೆಳಿಗ್ಗೆ ಫೋಮ್ ಬ್ರಷ್. ಕಂಪನದಿಂದ ಗೆಣ್ಣು ನೋಯುವವರಿಗೆ ಎಲೆಕ್ಟ್ರಿಕ್ ಹಿಡಿಸಲಿಕ್ಕಿಲ್ಲ. ಅಂಗಡಿಯಲ್ಲಿ ಬಟನ್ ನೀವೇ ಒತ್ತಿ ನೋಡಿ, ಮಕ್ಕಳ ಕೈಲಿ ಒತ್ತಿಸಬೇಡಿ. ಬ್ರಷ್‌ನ ತಲೆ ಬದಲಿಸಲು ಮಾತ್ರ ಜೋರಾಗಿ ಎಳೆಯಬೇಕು. ಅದನ್ನು ನಾನು ಈಗಲೂ ಮಗನಿಗೇ ಬಿಡುತ್ತೇನೆ.